192 ರೂಪಾಯಿ ಎಲ್ಲಿಂದ ಬಂತು: ಎಫ್‌ಆರ್‌ಎ ಸೆಟಲ್‌ಮೆಂಟ್ ಲೆಕ್ಕ ಹಾಕಿದ ನನ್ನ ಅನುಭವ

ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ನಾನು ಸಾಲ, ಬಡ್ಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ನಮಗೆ 20 ಕೋಟಿ ರೂಪಾಯಿಯ ಸಾಲವಿದೆ. ಅದರ ಬಡ್ಡಿ ಮೂರು ತಿಂಗಳಿಗೊಮ್ಮೆ, ಬ್ಯಾಂಕುಗಳು ತಮ್ಮೊಳಗೆ ಸಾಲ ಕೊಡುವ ದರವಾದ ಟರ್ಮ್ ಮೈಬಾರ್ ನೋಡಿಕೊಂಡು ಬದಲಾಗುತ್ತದೆ. ಮುಂದಿನ ಸಲ ದರ ಏರಬಹುದು ಅಂತ ಅನ್ನಿಸಿ, ಮೂರು ತಿಂಗಳು ಮೊದಲೇ ಅಷ್ಟೇ ಮೊತ್ತಕ್ಕೆ ಬ್ಯಾಂಕಿನ ಜೊತೆ ಒಂದು ಫಾರ್ವರ್ಡ್ ರೇಟ್ ಅಗ್ರಿಮೆಂಟ್, ಅಂದರೆ ಎಫ್‌ಆರ್‌ಎ, ಮಾಡಿಕೊಂಡಿದ್ದೆವು. ಒಪ್ಪಂದದ ದರ 7.00%. ಇದರಲ್ಲಿ 20 ಕೋಟಿ ಕೈ ಬದಲಾಗುವುದಿಲ್ಲ. ಅದು ಲೆಕ್ಕಕ್ಕೆ ಮಾತ್ರ. ದರದ ವ್ಯತ್ಯಾಸದ ಹಣವಷ್ಟೇ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಲೆಕ್ಕಕ್ಕೆ ಹಿಡಿಯುವ ಮಾರುಕಟ್ಟೆ ದರ ಗೊತ್ತಾಗುವ ಫಿಕ್ಸಿಂಗ್ ದಿನ ಶುಕ್ರವಾರ. ಅವತ್ತು ಪ್ರಕಟವಾದ ಮೂರು ತಿಂಗಳ ಟರ್ಮ್ ಮೈಬಾರ್ 7.40%. ನಮ್ಮ ದರಕ್ಕಿಂತ ಹೆಚ್ಚು, ಹಾಗಾಗಿ ಬ್ಯಾಂಕೇ ನಮಗೆ ಕೊಡಬೇಕು. ಹಣ ಬರುವುದು ಸೋಮವಾರ.

ಮೊದಲು ದಿನ ಎಣಿಸಿದೆ. ಇಲ್ಲಿ ಎಡವುವವರು ಬಹಳ ಮಂದಿ. ಫಿಕ್ಸಿಂಗ್ ದಿನದಿಂದ ಎಣಿಸಬಾರದು. ಬಡ್ಡಿಯ ಅವಧಿ ಶುರುವಾಗುವ ಸೋಮವಾರದಿಂದ ಅದು ಮುಗಿಯುವ ದಿನದವರೆಗೆ ಎಣಿಸಬೇಕು. ನಮ್ಮದು ಮುಗಿಯುವುದೂ ಸೋಮವಾರವೇ, ಸರಿಯಾಗಿ 13 ವಾರ, ಅಂದರೆ 91 ದಿನ. ರೂಪಾಯಿಗೆ ವರ್ಷಕ್ಕೆ 365 ದಿನ ಹಿಡಿಯುತ್ತಾರೆ. ಡಾಲರ್ ಒಪ್ಪಂದದ ಹಳೆಯ ಶೀಟನ್ನೇ ಬಳಸಿದರೆ ಒಳಗೆ 360 ಕೂತಿರುತ್ತದೆ, ಅದೊಂದರಿಂದಲೇ ನಮ್ಮ ಲೆಕ್ಕ 2,670 ರೂಪಾಯಿ ಹೆಚ್ಚಾಗುತ್ತಿತ್ತು.

ದರದ ವ್ಯತ್ಯಾಸ 0.40%. 20 ಕೋಟಿಗೆ ಅದು ವರ್ಷಕ್ಕೆ 8,00,000 ರೂಪಾಯಿ, 91 ದಿನಕ್ಕೆ 1,99,452. ನಮ್ಮ ಸಾಲದ ಮೇಲೆ ಹೆಚ್ಚಾಗಿ ಬೀಳುವ ಬಡ್ಡಿ ಇಷ್ಟು. ಆದರೆ ಆ ಬಡ್ಡಿ ಕಟ್ಟುವುದು ಮೂರು ತಿಂಗಳ ಕೊನೆಗೆ, ಎಫ್‌ಆರ್‌ಎ ಹಣ ಬರುವುದು ಅವಧಿಯ ಮೊದಲ ದಿನವೇ. ಮೂರು ತಿಂಗಳ ಮೇಲೆ ಕೊಡಬೇಕಾದ್ದನ್ನು ಇವತ್ತೇ ಕೊಡುವವನು ಅಷ್ಟು ದಿನದ ಬಡ್ಡಿ ಮುರಿದುಕೊಂಡೇ ಕೊಡುತ್ತಾನೆ. ಅಡಿಕೆ ಮಂಡಿಯ ವ್ಯವಹಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಮುರಿದುಕೊಳ್ಳುವುದು ಅವತ್ತಿನ ಮಾರುಕಟ್ಟೆ ದರದಲ್ಲಿ, ಅಂದರೆ 7.40ರಲ್ಲಿ. ಶೀಟಿನಲ್ಲಿ ಮೊತ್ತ, ಒಪ್ಪಂದದ ದರ, ಮಾರುಕಟ್ಟೆ ದರ, ದಿನ, ಈ ನಾಲ್ಕನ್ನು B1ರಿಂದ B4ರವರೆಗೆ ಒಂದರ ಕೆಳಗೊಂದು, ದರಗಳನ್ನು % ಗುರುತಿನ ಸಮೇತ ಬರೆದು ಹೀಗೆ ಹಾಕಿದೆ:

```
=B1*(B3-B2)*B4/365/(1+B3*B4/365)
```

ಭಾಗಿಸುವ ಸಂಖ್ಯೆ 1.018449. ಉತ್ತರ 1,95,839 ರೂಪಾಯಿ.

ಸಂಜೆ ಬ್ಯಾಂಕಿನ ಸೆಟಲ್‌ಮೆಂಟ್ ಪತ್ರ ಬಂತು. ಅದರಲ್ಲಿದ್ದದ್ದು 1,96,031. ನಮಗೇ 192 ರೂಪಾಯಿ ಹೆಚ್ಚು. ನಮ್ಮ ಯಜಮಾನರು, "ಏನಮ್ಮ, ಜಾಸ್ತಿ ಕೊಡ್ತೀವಿ ಅಂದ್ರೆ ತಲೆಬಿಸಿ ಯಾಕೆ? ಬರಲಿ ಬಿಡು" ಅಂದರು. "ಸರ್, ಅವರ ಲೆಕ್ಕದ ದಾರಿ ತಪ್ಪಿದ್ದರೆ ದರ ಇಳಿದ ದಿನವೂ ಲೆಕ್ಕ ತಪ್ಪಾಗಿಯೇ ಬರುತ್ತೆ" ಅಂದೆ.

ವ್ಯತ್ಯಾಸದ ಗಾತ್ರವೇ ತಪ್ಪು ಎಲ್ಲಿದೆ ಅಂತ ಹೇಳಿಬಿಡುತ್ತದೆ. ಬಡ್ಡಿ ಮುರಿಯುವುದನ್ನೇ ಮರೆತಿದ್ದರೆ 3,613 ರೂಪಾಯಿ ಹೆಚ್ಚು ಬರಬೇಕಿತ್ತು. ಒಂದು ದಿನ ಹೆಚ್ಚು ಎಣಿಸಿದ್ದರೆ ಎರಡು ಸಾವಿರದ ಮೇಲೆ ಬರಬೇಕಿತ್ತು. ಎರಡೂ ಅಲ್ಲ. ಇಷ್ಟು ಸಣ್ಣ ವ್ಯತ್ಯಾಸ ಬರುವುದು ಭಾಗಿಸುವ ಸಂಖ್ಯೆ ಸ್ವಲ್ಪವೇ ಅಲುಗಾಡಿದಾಗ. ಕೆಳಗಿನ 7.40 ತೆಗೆದು 7.00 ಹಾಕಿ ನೋಡಿದೆ. ಭಾಗಿಸುವ ಸಂಖ್ಯೆ 1.017452 ಆಯಿತು, ಉತ್ತರ 1,96,031. ಅವರ ಶೀಟು ಮೇಲೆ ಮಾರುಕಟ್ಟೆ ದರ ತೆಗೆದುಕೊಂಡು ಕೆಳಗೆ ಒಪ್ಪಂದದ ದರದಲ್ಲೇ ಬಡ್ಡಿ ಮುರಿದಿತ್ತು.

ಫೋನಿನಲ್ಲಿ ಅಲ್ಲಿನ ಹುಡುಗನಿಗೆ ಸೂತ್ರದ ವಾದ ಮಾಡಲಿಲ್ಲ. "1,95,839ನ್ನು 7.40ರಲ್ಲಿ 91 ದಿನ ಇಟ್ಟು ನೋಡಿ" ಅಂದೆ. 3,613 ಬಡ್ಡಿ ಸೇರಿ 1,99,452 ಆಗುತ್ತದೆ, ನಮಗೆ ಹೆಚ್ಚಾಗಿ ಬೀಳುವ ಬಡ್ಡಿ ರೂಪಾಯಿಗೆ ರೂಪಾಯಿ ಮುಚ್ಚುತ್ತದೆ. ಅವರ ಮೊತ್ತ ಇಟ್ಟರೆ ಹಾಗೆ ಕೂರುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮೇಡಂ, ತಿದ್ದಿ ಕಳಿಸ್ತೀನಿ" ಅಂದ.

ಇದೇ ಶೀಟಿನಲ್ಲಿ ಮಾರುಕಟ್ಟೆ ದರ 6.60 ಹಾಕಿಯೂ ನೋಡಿದ್ದೇನೆ. ಆಗ ಕೊಡಬೇಕಾದವರು ನಾವು, ಮೊತ್ತ 1,96,223. ದರ ಏರಿದರೂ ಇಳಿದರೂ ಅದೇ 0.40, ಆದರೂ ಕೊಡುವುದು ಬರುವುದಕ್ಕಿಂತ 384 ರೂಪಾಯಿ ಹೆಚ್ಚು, ಯಾಕೆಂದರೆ ಇಳಿದ ದರದಲ್ಲಿ ಮುರಿಯುವ ಬಡ್ಡಿಯೂ ಕಡಿಮೆ. ಇದು ತಪ್ಪಲ್ಲ, ಲೆಕ್ಕ ಇರುವುದೇ ಹಾಗೆ.

ಸೋಮವಾರ ಮಧ್ಯಾಹ್ನ 1,95,839 ಜಮಾ ಆಯಿತು. ಅದನ್ನು ನಮ್ಮ ಓವರ್‌ಡ್ರಾಫ್ಟ್, ಅಂದರೆ ಓಡಿ, ಖಾತೆಗೆ ಹಾಕಿದೆವು. ಓಡಿಯ ಬಡ್ಡಿ 7.40 ಅಲ್ಲವಾದ್ದರಿಂದ ಮೂರು ತಿಂಗಳ ಕೊನೆಗೆ ನಮ್ಮ ಪುಸ್ತಕದಲ್ಲಿ ಸಿಕ್ಕಿದ್ದು ಸರಿಯಾಗಿ 1,99,452 ಅಲ್ಲ, ಅದಕ್ಕಿಂತ ತುಸು ಹೆಚ್ಚು. ಆ ವ್ಯತ್ಯಾಸವನ್ನು ಎಫ್‌ಆರ್‌ಎ ಲೆಕ್ಕಕ್ಕೆ ಸೇರಿಸದೆ, ಉಳಿದ ಬಡ್ಡಿ ಅಂತ ಬೇರೆ ಸಾಲಿನಲ್ಲಿ ಬರೆದಿಟ್ಟೆ.