ಐಸ್ ಪ್ಲಾಂಟ್‌ಗೆ ಎಷ್ಟು ಸಾಲ ಹಿತ?

ಮಲ್ಪೆ ಬಂದರಿನ ಪಕ್ಕದಲ್ಲಿ ಒಂದು ಐಸ್ ಪ್ಲಾಂಟ್ ಇದೆ ಎಂದುಕೊಳ್ಳಿ. ಖಾಸಗಿ ಕಂಪನಿ, ಬಡ್ಡಿ ಮತ್ತು ತೆರಿಗೆ ಕಟ್ಟುವ ಮುನ್ನ ವರ್ಷಕ್ಕೆ ಸರಾಸರಿ 60 ಲಕ್ಷ ರೂಪಾಯಿ ಲಾಭ. ಇದಕ್ಕೆ ಎಷ್ಟು ಸಾಲ ಮಾಡಬಹುದು? ಲೆಕ್ಕ ಹಾಕುವ ಕ್ರಮ ಹೀಗೆ.

ಮೊದಲು ತೆರಿಗೆಯನ್ನು ಮರೆಯಿರಿ. ಹಣ ಹಾಕುವವರು ಶೇ 15 ಪ್ರತಿಫಲ ಕೇಳಿದರೆ ಕಂಪನಿಯ ಬೆಲೆ 4 ಕೋಟಿ. ಅದರಲ್ಲಿ 2 ಕೋಟಿ ಶೇ 10ರ ಸಾಲವಾದರೆ 20 ಲಕ್ಷ ಬಡ್ಡಿಗೆ ಹೋಗಿ 40 ಲಕ್ಷ ಉಳಿಯುತ್ತದೆ; ಸ್ವಂತ 2 ಕೋಟಿಗೆ ಶೇ 20 ಬಂತು. ಹಿಗ್ಗಬೇಡಿ. ಮೀನು ಕೈಕೊಟ್ಟ ವರ್ಷ ಲಾಭ 30 ಲಕ್ಷಕ್ಕಿಳಿದರೆ ಸಾಲವಿಲ್ಲದವರಿಗೆ ಶೇ 7.5 ಸಿಗುತ್ತದೆ, ನಿಮಗೆ ಬರೀ ಶೇ 5. ಹೆಚ್ಚುವರಿ ಪ್ರತಿಫಲವೆಲ್ಲ ಹೆಚ್ಚುವರಿ ಅಪಾಯದ ಕೂಲಿ. ಪ್ಲಾಂಟ್ ಗಳಿಸುವುದು ಅದೇ 60 ಲಕ್ಷ, ಬೆಲೆಯೂ ಅದೇ 4 ಕೋಟಿ. ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ತೋರಿಸಿದ್ದು ಇದನ್ನೇ.

ಈಗ ತೆರಿಗೆ ಸೇರಿಸಿ. ದರ ಸುಮಾರು ಶೇ 25 ಎಂದಿಟ್ಟುಕೊಳ್ಳೋಣ. ಸಾಲವಿಲ್ಲದಿದ್ದರೆ 15 ಲಕ್ಷ ತೆರಿಗೆ ಹೋಗಿ 45 ಲಕ್ಷ ಉಳಿಯುತ್ತದೆ, ಬೆಲೆ 3 ಕೋಟಿ. ಬಡ್ಡಿಯನ್ನು ಖರ್ಚಾಗಿ ಕಳೆಯಬಹುದಾದ್ದರಿಂದ 1 ಕೋಟಿ ಸಾಲವಿದ್ದರೆ ವರ್ಷಕ್ಕೆ 2.5 ಲಕ್ಷ ತೆರಿಗೆ ಉಳಿಯುತ್ತದೆ. ಸಾಲ ಕಾಯಂ ಇದ್ದರೆ, ಅದೇ ಶೇ 10ರ ಲೆಕ್ಕದಲ್ಲಿ ಆ ಉಳಿತಾಯದ ಇಂದಿನ ಬೆಲೆ 25 ಲಕ್ಷ. ಇಷ್ಟಕ್ಕೇ ನಿಂತರೆ ಪೂರ್ತಿ ಸಾಲದಲ್ಲೇ ನಡೆಸುವುದು ಜಾಣತನ ಎಂದಾಗುತ್ತದೆ!

ಕೊನೆಗೆ ದಿವಾಳಿಯ ಖರ್ಚು. ವಕೀಲರ ಫೀಸು ಇದರಲ್ಲಿ ಸಣ್ಣ ಭಾಗ. ಪ್ಲಾಂಟ್ ಕಷ್ಟದಲ್ಲಿದೆ ಎಂಬ ಸುದ್ದಿ ಹಬ್ಬಿದರೆ ಬೋಟಿನವರು ಪಕ್ಕದ ಪ್ಲಾಂಟಿಗೆ ಹೋಗುತ್ತಾರೆ. ಬಿಡಿಭಾಗ ಕೊಡುವವರು ನಗದು ಕೇಳುತ್ತಾರೆ. ಅಮೋನಿಯಾ ಕಂಪ್ರೆಸರ್ ಗುಜರಿ ಬೆಲೆಗೆ ಹೋಗುತ್ತದೆ. ಎಲ್ಲ ಸೇರಿ ನಷ್ಟ 1 ಕೋಟಿ ಎನ್ನಿ. ಸಾಲ 1 ಕೋಟಿ ಇದ್ದಾಗ ಮುಳುಗುವ ಸಾಧ್ಯತೆ ಶೇ 4, ಒಂದೂವರೆ ಕೋಟಿಗೆ ಶೇ 12, 2 ಕೋಟಿಗೆ ಶೇ 30 ಎಂಬುದು ನಮ್ಮ ಅಂದಾಜು. 25, 37.5 ಮತ್ತು 50 ಲಕ್ಷದ ತೆರಿಗೆ ಲಾಭದಿಂದ ಈ ನಷ್ಟದ ಪಾಲು ಕಳೆದರೆ ಉಳಿಯುವುದು ಕ್ರಮವಾಗಿ 21, 25.5 ಮತ್ತು 20 ಲಕ್ಷ. ಆದ್ದರಿಂದ ಈ ಮೂರರಲ್ಲಿ ಒಂದೂವರೆ ಕೋಟಿಯೇ ಸರಿ. ಒಟ್ಟು ಬೆಲೆಯ ಸುಮಾರು ಶೇ 46.

ಎಡವುವುದು ಎರಡು ಕಡೆ. ಲಾಭವಿಲ್ಲದ ವರ್ಷ ತೆರಿಗೆ ಉಳಿತಾಯ ಆಗಲೇ ಕೈಗೆ ಸಿಗುವುದಿಲ್ಲ. ಬ್ಯಾಂಕಿಗೆ ಕಟ್ಟದೆ ಉಳಿಸಿಕೊಂಡ ಬಡ್ಡಿಯನ್ನು ಖರ್ಚೆಂದು ತೋರಿಸಲೂ ಆಗದು. ಇನ್ನು, ಸಾಲಕ್ಕೆ ಮಾಲೀಕರು ವೈಯಕ್ತಿಕ ಜಾಮೀನು ನೀಡಿದ್ದರೆ ಮನೆಯೂ ದಿವಾಳಿಯ ಲೆಕ್ಕಕ್ಕೆ ಸೇರುತ್ತದೆ, ಆ 1 ಕೋಟಿ ದೊಡ್ಡದಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ, ಬಡ್ಡಿಯ ಕಂತು ಮಾತ್ರ ತಪ್ಪದೆ ಬರುತ್ತದೆ. ಆ ಎರಡು ತಿಂಗಳ ಬಡ್ಡಿಗೂ ಮೇ ತಿಂಗಳಲ್ಲೇ ಕೈಸಾಲ ಹುಡುಕಬೇಕಾಗಿ ಬಂದರೆ, ಶೇ 12 ಎಂಬ ಅಂದಾಜನ್ನು ತಿದ್ದಿ ಲೆಕ್ಕವನ್ನು ಮತ್ತೆ ಹಾಕಿ.