ಫ್ಲಾಸ್ಕ್ ಬೆವರುತ್ತಿದೆಯೇ? ಚಾರಣಕ್ಕೆ ಮೊದಲೇ ನೋಡಿಕೊಳ್ಳಿ

ಕುಕ್ಕೆಯಿಂದ ಕುಮಾರಪರ್ವತಕ್ಕೆ ಹೊರಟಿದ್ದೆವು. ಗಿರಿಗದ್ದೆಯಲ್ಲಿ ಬ್ಯಾಗ್ ತೆರೆದರೆ ಒಣ ಸಾಕ್ಸು, ಟೀಶರ್ಟು ಎಲ್ಲ ಒದ್ದೆ. ಸ್ಟೀಲ್ ಫ್ಲಾಸ್ಕಿನ ಮೈತುಂಬಾ ಹನಿ. ಮುಚ್ಚಳ ಸೋರಿದೆ ಅಂದುಕೊಂಡು ಬಿಗಿ ಮಾಡಿ ಒರೆಸಿಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಹನಿ!

ಅದು ಒಳಗಿನ ನೀರಲ್ಲ, ಗಾಳಿಯಲ್ಲಿದ್ದ ತೇವ. ಹೊರಗೆ 28 ಡಿಗ್ರಿ, ತೇವಾಂಶ ಶೇ 80 ಇದ್ದರೆ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಹನಿ ಕಟ್ಟುತ್ತದೆ. ಫ್ರಿಜ್ ನೀರು ತುಂಬಿದ ಒಂದೇ ಪದರದ ಬಾಟಲಿ ಬೆವರುವುದು ಅದಕ್ಕೇ. ಆದರೆ ನನ್ನದು ಎರಡು ಪದರದ ಫ್ಲಾಸ್ಕ್. ಪದರಗಳ ನಡುವೆ ಗಾಳಿಯೇ ಇರುವುದಿಲ್ಲ, ಹಾಗಾಗಿ ಒಳಗಿನ ತಂಪು ಹೊರಮೈಗೆ ಬರಬಾರದು. ಬಂದಿದೆ ಅಂದರೆ ನಡುವೆ ಎಲ್ಲೋ ಗಾಳಿ ನುಗ್ಗಿದೆ.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಮೊದಲು ಸೋರಿಕೆ ನೋಡಿ. ಮಾಮೂಲಿ ನಲ್ಲಿ ನೀರು ತುಂಬಿ, ಹೊರಗೆ ಚೆನ್ನಾಗಿ ಒರೆಸಿ, ಹಳೇ ಪೇಪರ್ ಮೇಲೆ ಅರ್ಧ ಗಂಟೆ ಅಡ್ಡ ಮಲಗಿಸಿ. ಪೇಪರ್ ಒದ್ದೆಯಾದರೆ ದೋಷ ಮುಚ್ಚಳದ ವಾಷರ್‌ನದು. ಅದನ್ನು ಬದಲಿಸಿದರೆ ಆಯ್ತು.

ಪೇಪರ್ ಒಣಗಿಯೇ ಇದ್ದರೆ, ನೀರು ಚೆಲ್ಲಿ, ಕುದಿಯುವ ನೀರು ಹಾಕಿ. ಬಾಯಿ ತನಕ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ. ಮುಚ್ಚಳ ಹಾಕಿ ಐದು ನಿಮಿಷ ಬಿಟ್ಟು, ನಡುಭಾಗ ಮತ್ತು ತಳವನ್ನು ಮೆಲ್ಲಗೆ ಮುಟ್ಟಿ ನೋಡಿ. ಕತ್ತಿನ ಹತ್ತಿರ ಬೆಚ್ಚಗಿರುವುದು ಸಹಜ, ಎರಡೂ ಪದರ ಸೇರುವುದು ಅಲ್ಲೇ ಅಲ್ವಾ! ತಣ್ಣೀರು ಹಾಕಿದಾಗ ಕತ್ತಿನ ಸುತ್ತ ನಾಲ್ಕು ಹನಿ ಕಂಡರೂ ಚಿಂತೆ ಬೇಡ. ಹೊಟ್ಟೆಯೂ ಬಿಸಿಯಾದರೆ ಮಾತ್ರ ಫ್ಲಾಸ್ಕ್ ಕೆಟ್ಟಿದೆ. ನನ್ನದು ಎರಡೇ ನಿಮಿಷಕ್ಕೆ ಕೈ ಸುಟ್ಟಿತು. ಇದಕ್ಕೆ ಮನೆಯಲ್ಲಿ ರಿಪೇರಿ ಇಲ್ಲ.

ಕೆಡುವುದು ಹೆಚ್ಚಾಗಿ ಬಂಡೆಗೆ ಬಿದ್ದು ನೆಗ್ಗಿದಾಗ. ಇನ್ನೊಂದು, ನೀರು ತುಂಬಿ ಫ್ರೀಜರ್‌ನಲ್ಲಿ ಇಡುವುದು. ನೀರು ಮಂಜುಗಡ್ಡೆಯಾದಾಗ ಶೇ 9ರಷ್ಟು ಹಿಗ್ಗಿ ಒಳಪದರವನ್ನು ಒತ್ತುತ್ತದೆ. ತಂಪು ಬೇಕಿದ್ದರೆ ತಣ್ಣೀರಿಗೆ ಐಸ್ ತುಂಡು ಹಾಕಿ.

ಕೆಟ್ಟ ಫ್ಲಾಸ್ಕನ್ನೇ ಒಯ್ಯುವುದಾದರೆ ಫ್ರಿಜ್ ನೀರು ಬೇಡ, ಮಾಮೂಲಿ ನೀರು ತುಂಬಿ. ಆಗ ಬೆವರುವುದಿಲ್ಲ. ತಣ್ಣೀರೇ ಬೇಕೆಂದರೆ ಹತ್ತಿ ಟವೆಲ್ ಸುತ್ತಿ ಬ್ಯಾಗಿನ ಹೊರಜೇಬಿನಲ್ಲಿಡಿ.

ಒಂದು ಎಚ್ಚರಿಕೆ. ಒಂದೇ ಪದರದ ಬರಿ ಸ್ಟೀಲ್ ಬಾಟಲಿಯನ್ನು ಮುಚ್ಚಳ ತೆಗೆದು ಬೆಂಕಿಗಿಟ್ಟು ನೀರು ಕುದಿಸುವವರಿದ್ದಾರೆ. ಕೆಟ್ಟ ಫ್ಲಾಸ್ಕೂ ಅದರಂತೆಯೇ ಬೆವರುತ್ತದೆ, ಹಾಗಂತ ಅದನ್ನು ಬೆಂಕಿಗಿಡಬೇಡಿ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಕಾದು ಫ್ಲಾಸ್ಕ್ ಸಿಡಿಯಬಹುದು.