ಸಾಲಕ್ಕೆ ಕೊಟ್ಟ ಮುಂದಿನ ತಾರೀಖಿನ ಚೆಕ್ಕು: ನಾನು ಹೇಗೆ ಕೊಟ್ಟೆ, ಹೇಗೆ ವಾಪಸ್ ಪಡೆದೆ

"ಖಾಲಿ ಚೆಕ್ಕಿಗೆ ಸೈನ್ ಹಾಕ್ಬುಟ್ಟು ಕೊಡಿ ಗೌಡ್ರೇ, ಮಿಕ್ಕಿದ್ದು ನಾನ್ ನೋಡ್ಕತೀನಿ." ಮಂಡ್ಯದಲ್ಲಿ ಬಡ್ಡಿಗೆ ದುಡ್ಡು ಕೊಡುವವರ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ಆ "ಮಿಕ್ಕಿದ್ದು" ಅಂದರೆ ಮೊತ್ತ, ತಾರೀಖು, ಹೆಸರು. ಚೆಕ್ಕಿನಲ್ಲಿ ಇರುವುದೇ ಅಷ್ಟು, ಅಲ್ವಾ?

ನಮ್ಮ ಆಲೆಮನೆಯ ಗಾಣ ಬದಲಾಯಿಸಲು ನನಗೆ ಮೂರು ಲಕ್ಷ ಬೇಕಿತ್ತು. ಬ್ಯಾಂಕಿನಲ್ಲಿ ಸಾಲ ಆಗುವಷ್ಟರಲ್ಲಿ ಕಬ್ಬು ಅರೆಯುವ ಕಾಲ ಅರ್ಧ ಮುಗಿದಿರುತ್ತಿತ್ತು. ಪೇಟೆಯ ಒಬ್ಬ ಸಾಹುಕಾರರು ಕೊಡಲು ಒಪ್ಪಿದರು. ಭದ್ರತೆಗೆ ಚೆಕ್ ಕೇಳಿದರು. ಚೆಕ್ ಕೊಡುವುದಕ್ಕೆ ನನ್ನ ತಕರಾರು ಇರಲಿಲ್ಲ. ಖಾಲಿ ಚೆಕ್ ಮಾತ್ರ ಕೊಡಲ್ಲ ಅಂದೆ.

ಯಾಕೆ ಅಂತ ಹೇಳುತ್ತೇನೆ. "ಖಾಲಿ ಕೊಟ್ಟಿದ್ದೆ, ಆಮೇಲೆ ಅವರೇ ತುಂಬಿಕೊಂಡರು ಅಂತ ಕೋರ್ಟಿನಲ್ಲಿ ಹೇಳಿದರಾಯಿತು" ಎಂದು ತುಂಬಾ ಜನ ನಂಬಿದ್ದಾರೆ. ಹಾಗೆ ಹೇಳಿದರೆ ಸಾಲದು. ಸೈನ್ ನಿಮ್ಮದೇ, ನೀವೇ ಒಪ್ಪಿ ಕೊಟ್ಟಿದ್ದು ಎಂದಾದರೆ, ಮೊತ್ತವನ್ನು ಬೇರೆಯವರು ಬರೆದಿದ್ದರೂ ಆ ಚೆಕ್ ಸಾಲ ತೀರಿಸಲೆಂದೇ ಕೊಟ್ಟಿದ್ದು ಅಂತ ಕೋರ್ಟು ಮೊದಲಿಗೆ ಊಹಿಸಿಕೊಳ್ಳುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಹಾಗಲ್ಲ ಅಂತ ತೋರಿಸುವ ಹೊರೆ ನಮ್ಮ ತಲೆ ಮೇಲೆ.

"ಇದು ಬರೀ ಸೆಕ್ಯುರಿಟಿ ಚೆಕ್, ಕೇಸ್ ಆಗಲ್ಲ" ಅನ್ನುವುದೂ ಅಂಥದ್ದೇ ಮಾತು. ಚೆಕ್ಕಿನ ಮೇಲಿರುವ ತಾರೀಖಿನ ದಿನ ಅಷ್ಟು ಸಾಲ ಬಾಕಿ ಇದೆಯಾ ಇಲ್ಲವಾ ಎನ್ನುವುದೇ ಮುಖ್ಯ ಪ್ರಶ್ನೆ. ಇದ್ದರೆ, ಚೆಕ್ ಬೌನ್ಸ್ ಆಗುವುದನ್ನು ಅಪರಾಧ ಅನ್ನುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಭದ್ರತೆಗೆ ಕೊಟ್ಟ ಚೆಕ್ಕಿಗೂ ಅನ್ವಯಿಸುತ್ತದೆ. 2016ರ ತೀರ್ಪು ಒಂದು ಹೀಗೆಯೇ ಹೇಳುತ್ತದೆ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ಸಾಹುಕಾರರು ಮೊತ್ತ ಬರೆಯಲು ಬೇಗ ಒಪ್ಪಿದರು. ತಾರೀಖಿಗೆ ಮಾತ್ರ ಜಗ್ಗಾಡಿದರು. ಅದಕ್ಕೆ ಕಾರಣ ಇದೆ. ತಾರೀಖು ಹಾಕಿದ ಚೆಕ್ಕಿಗೆ ಆಯಸ್ಸು ಮೂರೇ ತಿಂಗಳು. 2012ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಆರು ತಿಂಗಳಿದ್ದದ್ದನ್ನು ಮೂರಕ್ಕೆ ಇಳಿಸಿತು. ನಾನು ಜೂನ್ 30 ಅಂತ ಬರೆದರೆ, ಅದಕ್ಕೆ ಮುಂಚೆ ಅವರು ಹಾಕುವಂತಿಲ್ಲ, ಸೆಪ್ಟೆಂಬರ್ ದಾಟಿದ ಮೇಲೂ ಹಾಕುವಂತಿಲ್ಲ. ತಾರೀಖಿಲ್ಲದ ಚೆಕ್ಕಿಗೆ ಈ ಎರಡು ಬೇಲಿಯೂ ಇಲ್ಲ. ಬೀರುವಿನಲ್ಲಿ ಇಟ್ಟುಕೊಂಡು ಜಗಳ ಆದ ದಿನ ಬರೆದುಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಖಾಲಿ ಮೊತ್ತದಷ್ಟೇ ಅಪಾಯ ಖಾಲಿ ತಾರೀಖಿನದ್ದೂ. ಕೊನೆಗೆ ಹೀಗೆ ಒಪ್ಪಿಸಿದೆ: ಜೂನ್ 30ರ ಚೆಕ್ ಕೊಡುತ್ತೇನೆ, ಅಷ್ಟರೊಳಗೆ ಸಾಲ ತೀರದಿದ್ದರೆ ಹಳೆಯದನ್ನು ಕೊಟ್ಟು ಹೊಸದು ಇಸ್ಕೊಳ್ಳಿ.

ಚೆಕ್ಕಿನಲ್ಲಿ ಅವರ ಪೂರ್ತಿ ಹೆಸರು ಬರೆದೆ. "ಅಥವಾ ತಂದವರಿಗೆ" ಅನ್ನುವುದನ್ನು ಹೊಡೆದು ಹಾಕಿದೆ. ಎಡಗಡೆ ಮೂಲೆಯಲ್ಲಿ ಎರಡು ಗೆರೆ ಎಳೆದು "ಅಕೌಂಟ್ ಪೇಯಿ ಓನ್ಲಿ" ಅಂತ ಬರೆದೆ. ಎರಡೂ ಮಗ್ಗುಲಿನ ಫೋಟೋ ತೆಗೆದಿಟ್ಟೆ. ಜೊತೆಗೆ ಒಂದು ಪತ್ರ, ಎರಡು ಪ್ರತಿ. ಯಾವ ಬ್ಯಾಂಕು, ಚೆಕ್ ನಂಬರ್, ಮೊತ್ತ, ತಾರೀಖು, ಯಾವ ಸಾಲಕ್ಕೆ, ಹಾಕುವ ಮುಂಚೆ ಏಳು ದಿನದ ಲಿಖಿತ ಸೂಚನೆ ಕೊಡಬೇಕು, ಕಂತು ಕಟ್ಟಿದಂತೆಲ್ಲ ಚೆಕ್ ಬದಲಾಯಿಸಬೇಕು. ನನ್ನ ಪ್ರತಿಯ ಮೇಲೆ ಅವರ ಸೈನ್ ಹಾಕಿಸಿಕೊಂಡೆ. ಸಾಲದ ದುಡ್ಡನ್ನೂ ಕೈಯಲ್ಲಿ ತೆಗೆದುಕೊಳ್ಳದೆ ಖಾತೆಗೇ ಹಾಕಿಸಿಕೊಂಡೆ. ಎಷ್ಟು ಕೊಟ್ಟರು ಅನ್ನುವ ವಾದಕ್ಕೆ ಅಲ್ಲಿಗೆ ಜಾಗ ಇಲ್ಲ.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ. ಮಂಡಿಯಿಂದ ಬೆಲ್ಲದ ದುಡ್ಡು ಬಂದಂತೆಲ್ಲ ಸಾಹುಕಾರರ ಖಾತೆಗೆ ಕಳಿಸುತ್ತಾ ಹೋದೆ. ಬಡ್ಡಿ ಬೇರೆ, ಅಸಲು ಬೇರೆ, ಎರಡಕ್ಕೂ ಬೇರೆ ಬೇರೆ ಟಿಪ್ಪಣಿ. ಮಾರ್ಚ್ ಹೊತ್ತಿಗೆ ಅಸಲಿಗೆ 1,20,000 ಹೋಗಿತ್ತು. ಬಾಕಿ 1,80,000. ಆದರೆ ಅವರ ಬೀರುವಿನಲ್ಲಿದ್ದದ್ದು ಮೂರು ಲಕ್ಷದ ಚೆಕ್!

ಜೂನ್ 30ಕ್ಕೆ ಅವರು ಅದನ್ನೇ ಹಾಕಿ ಬೌನ್ಸ್ ಆದರೆ? 2022ರಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆ ಬಿಡಿಸಿತು. ಚೆಕ್ ಕೊಟ್ಟ ಮೇಲೆ ಒಂದಷ್ಟು ಸಾಲ ತೀರಿದ್ದರೆ ಅದನ್ನು ಚೆಕ್ಕಿನ ಮೇಲೆ ನಮೂದಿಸಬೇಕು, ಆಮೇಲೆ ಬಾಕಿಗಷ್ಟೇ ಹಾಕಬೇಕು. ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ ಅದು ಆ ದಿನದ ನಿಜವಾದ ಸಾಲದ ಚೆಕ್ ಆಗುವುದಿಲ್ಲ, 138 ನಿಲ್ಲುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ದುಡ್ಡು ಕಟ್ಟಿದ್ದನ್ನು ತೋರಿಸಬೇಕಾದವರು ನಾವು, ಅದೂ ವಕೀಲರನ್ನು ಇಟ್ಟುಕೊಂಡು, ಕೋರ್ಟಿಗೆ ಅಲೆಯುತ್ತಾ. ನಗದು ಕೊಟ್ಟು ಅವರ ಡೈರಿಯಲ್ಲಿ ಬರೆಸಿದವನ ಪಾಡು ಆಗ ಏನು?

ಅದಕ್ಕೇ ಹೋಗಿ ಕೇಳಿದೆ. "ಇರ್ಲಿ ಬುಡಿ, ನಾನೇನ್ ಹಾಕ್ಬುಡ್ತೀನಾ?" ಅಂದರು. ಹಾಕಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಅವರಿಗೆ ಏನಾದರೂ ಆಗಿ ಆ ಚೆಕ್ ಮಕ್ಕಳ ಕೈಗೆ ಸಿಕ್ಕರೆ, ಮಾರ್ಚ್‌ವರೆಗಿನ ಲೆಕ್ಕ ಅವರಿಗೆ ಏನು ಗೊತ್ತಿರುತ್ತದೆ? ಇದನ್ನೇ ನೇರವಾಗಿ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕು ಬೀರು ತೆಗೆದರು. ಹಿಂಬದಿಯಲ್ಲಿ "1,20,000 ಸಂದಿದೆ" ಅಂತ ಬರೆದು ಸೈನ್ ಹಾಕಿಸುವ ದಾರಿಯೂ ಇತ್ತು. ನಾನು ಹೊಸ ಚೆಕ್ಕನ್ನೇ ಆರಿಸಿಕೊಂಡೆ: 1,80,000, ಅದೇ ಜೂನ್ 30. ಹಳೆಯದರ ಸೈನ್ ಇರುವ ಜಾಗ ಹರಿದು, ಉಳಿದದ್ದನ್ನು ಪತ್ರದ ಹಿಂದೆ ಅಂಟಿಸಿದೆ. ಪತ್ರದಲ್ಲಿ ಹೊಸ ನಂಬರ್ ಸೇರಿಸಿ ಮತ್ತೆ ಸೈನ್.

ಸಾಲ ತೀರಿದ ಮೇಲೂ ಚೆಕ್ "ಎಲ್ಲೋ ಇಟ್ಟಿದೀನಿ, ಸಿಗ್ತಿಲ್ಲ" ಅನ್ನುವವರಿದ್ದಾರೆ. ಆಗ ಸುಮ್ನೆ ಸ್ಟಾಪ್ ಪೇಮೆಂಟ್ ಕೊಟ್ಟು ಕೂರಬಾರದು. ಖಾತೆಯನ್ನೇ ಮುಚ್ಚಿಬಿಡುವುದು ಇನ್ನೂ ಕೆಟ್ಟದ್ದು. ಎರಡಕ್ಕೂ 138 ಬರುತ್ತದೆ ಅಂತ ತೀರ್ಪುಗಳಿವೆ. ಮೊದಲು "ಸಾಲ ಪೂರ್ತಿ ಸಂದಾಯ, ಇಂಥ ನಂಬರಿನ ಚೆಕ್ ಕಳೆದಿದೆ, ಅದರ ಮೇಲೆ ಹಕ್ಕಿಲ್ಲ" ಅಂತ ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಅದೇ ವಿಷಯವನ್ನು ನೀವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅವರಿಗೆ ಕಳಿಸಿ. ಸ್ಟಾಪ್ ಪೇಮೆಂಟ್ ಅದಾದ ಮೇಲೆ.

ಬಾಡಿಗೆ ಚೆಕ್ಕಿಗೂ ಇದೇ ಲೆಕ್ಕ. ವರ್ಷದ ಬಾಡಿಗೆಗೆ ಅಂತ ತಿಂಗಳಿಗೊಂದು ಚೆಕ್ ಕೊಟ್ಟು ಮಧ್ಯದಲ್ಲಿ ಮಳಿಗೆ ಬಿಟ್ಟರೆ, ಕರಾರಿನ ಪ್ರಕಾರ ನೋಟಿಸ್ ಕಾಲ ಮುಗಿದ ಮೇಲಿನ ಚೆಕ್ಕುಗಳಿಗೆ ಹಿಂದೆ ಸಾಲವೇ ಇಲ್ಲ. ಬೀಗದ ಕೈ ಕೊಡುವ ಹೊತ್ತಿಗೇ ಅವನ್ನು ಎಣಿಸಿ ವಾಪಸ್ ಪಡೆಯಿರಿ, ಕೀ ಕೊಟ್ಟ ತಾರೀಖು ಬರೆಸಿಕೊಳ್ಳಿ.

ಅಕಸ್ಮಾತ್ ಬೌನ್ಸ್ ಆದರೆ, ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಅವರು ನೋಟಿಸ್ ಕಳಿಸಬೇಕು. ಅದು ನಿಮ್ಮ ಕೈಸೇರಿದ 15 ದಿನದೊಳಗೆ ಆ ಮೊತ್ತ ಕಟ್ಟಿದರೆ ಕೇಸೇ ಹುಟ್ಟುವುದಿಲ್ಲ. ಪೋಸ್ಟ್‌ಮ್ಯಾನ್ ಬಂದಾಗ ಮನೆಯಲ್ಲಿಲ್ಲ ಅಂತ ಹೇಳಿಸುವುದರಿಂದ ಏನೂ ಸಿಗಲ್ಲ. ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ಬೇಡ ಅಂದರೂ ಮುಟ್ಟಿದಂತೆಯೇ, ಆ 15 ದಿನ ಮಾತ್ರ ವ್ಯರ್ಥ.